ಆಸೆ ಎಲ್ಲರಿಗೂ, ಏಣಿ ಕೆಲವರಿಗೆ

2011ರ ಆಗಸ್ಟ್ ತಿಂಗಳ ಆ ದೃಶ್ಯಗಳು ನಿಮಗೆ ನೆನಪಿರಬಹುದು. ಲಂಡನ್ನಿನ ಟಾಟೆನ್‌ಹ್ಯಾಮ್‌ನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಸತ್ತ. ಪ್ರತಿಭಟನೆ ಗಲಭೆಯಾಯ್ತು, ಗಲಭೆ ಲೂಟಿಯಾಯ್ತು. ಅಂಗಡಿಗಳ ಗಾಜು ಒಡೆದ ಹುಡುಗರು ಹೊತ್ತೊಯ್ದಿದ್ದು ಏನನ್ನು? ಬ್ರ್ಯಾಂಡೆಡ್ ಶೂ, ಮೊಬೈಲ್, ಟಿವಿ. "ಹೊಟ್ಟೆಗಿಲ್ಲದವನು ಶೂ ಕದೀತಾನೇನ್ರೀ? ಇದು ಬರೀ ದುರಾಸೆ" ಅಂದರು ಜನ. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಈ ಶೂ ಪ್ರಶ್ನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲೇ ಉತ್ತರ ಕೊಟ್ಟಿದ್ದರು. ಫಿಲಡೆಲ್ಫಿಯಾದ ಬಡ ವಲಸಿಗರ ಮನೆಯಲ್ಲಿ ಹುಟ್ಟಿದವರು ಅವರು. ಬಡತನವೊಂದೇ ಕಳ್ಳನನ್ನು ಹುಟ್ಟಿಸಲ್ಲ ಅಂತ ಅವರು ಸ್ಪಷ್ಟವಾಗಿ ಬರೆದರು. ದುಡ್ಡು ಮಾಡು, ಇಂಥದ್ದು ತೊಡು, ಆಗಲೇ ನೀನು ಮನುಷ್ಯ ಅಂತ ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತೆ. ಅಲ್ಲಿಗೆ ಹೋಗುವ ಓದು, ಉದ್ಯೋಗ, ಪರಿಚಯಗಳನ್ನು ಮಾತ್ರ ಕೆಲವರಿಗಷ್ಟೇ ಕೊಡುತ್ತೆ. ಈ ಎರಡರ ನಡುವಿನ ಎಳೆದಾಟವೇ 'ಸ್ಟ್ರೈನ್'. ಅದಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ನೆಟ್ಟಗಿನ ದಾರಿಯಲ್ಲೇ ಇರ್ತಾರೆ. ಕೆಲವರು ಆಸೆಯನ್ನೇ ಕೈಬಿಡ್ತಾರೆ. ಇನ್ನು ಕೆಲವರು ಗುರಿಯನ್ನು ಹಿಡ್ಕೊಂಡು ದಾರಿ ಬದಲಿಸ್ತಾರೆ. ಕಳ್ಳತನ ಶುರುವಾಗೋದು ಅಲ್ಲಿ. ಅದಕ್ಕೇ ಕೈ ಹೋಗಿದ್ದು ಬ್ರೆಡ್ಡಿಗಲ್ಲ, ಶೂಗೆ.

ಈಗ ಕೋರ್ಟಿನ ಲೆಕ್ಕ ನೋಡಿ. ಗಲಭೆಗಾಗಿ ಕಟಕಟೆ ಹತ್ತಿದ ಅಪ್ರಾಪ್ತರಲ್ಲಿ ಶೇ. 42ರಷ್ಟು ಮಕ್ಕಳು ಶಾಲೆಯಲ್ಲಿ ಉಚಿತ ಊಟ ಪಡೆಯುತ್ತಿದ್ದವರು. ಅಂದರೆ ಬಡ ಮನೆಯವರು. ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಅಂಥ ಮಕ್ಕಳು ಶೇ. 16 ಮಾತ್ರ. ಬಡ ಮನೆಯ 16 ವರ್ಷ ದಾಟಿದವರು ಓದು ಮುಂದುವರಿಸಲಿ ಅಂತ ವಾರಕ್ಕೆ 30 ಪೌಂಡ್‌ವರೆಗೆ ಕೊಡುತ್ತಿದ್ದ ಭತ್ಯೆಯನ್ನೂ ಸರ್ಕಾರ ಆಗಷ್ಟೇ ರದ್ದು ಮಾಡಿತ್ತು. ಗುರಿ ಹಾಗೇ ಉಳೀತು, ಏಣಿ ತೆಗೆದರು.

ಹಾಗಾದ್ರೆ ಅದೇ ಬೀದಿಯ ಉಳಿದ ಬಡ ಹುಡುಗರು ಯಾಕೆ ಕದಿಯಲಿಲ್ಲ? ಈ ಸಿದ್ಧಾಂತ ಎಡವೋದು ಇಲ್ಲೇ. 1960ರಲ್ಲಿ ಕ್ಲೋವಾರ್ಡ್ ಮತ್ತು ಓಲಿನ್ ಎಂಬಿಬ್ಬರು ಇದಕ್ಕೊಂದು ಮಾತು ಸೇರಿಸಿದರು: ಕಳ್ಳದಾರಿಗೂ ಅವಕಾಶ ಬೇಕು, ಕಲಿಸೋರು ಬೇಕು, ಮಾಲು ಕೊಳ್ಳೋರು ಬೇಕು. ಕಟಕಟೆ ಹತ್ತಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮೊದಲೇ ಪೊಲೀಸ್ ದಾಖಲೆಯಲ್ಲಿ ಇದ್ದವರು ಅನ್ನೋದು ಈ ಮಾತಿಗೆ ಹೊಂದುತ್ತೆ. ಆದರೆ ಮೂರೂವರೆ ಪೌಂಡಿನ ನೀರಿನ ಬಾಟಲಿಗಳನ್ನು ಕದ್ದು ಆರು ತಿಂಗಳ ಜೈಲು ಕಂಡ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಆ ಗುಂಪಿನಲ್ಲಿದ್ದ. ಅವನನ್ನು ಮರ್ಟನ್ ಲೆಕ್ಕ ವಿವರಿಸಲ್ಲ.

ಕದ್ದದ್ದು ತಪ್ಪೇ. ಅಂಗಡಿ ಸುಟ್ಟುಹೋದವನ ನಷ್ಟಕ್ಕೆ ಯಾವ ಸಿದ್ಧಾಂತವೂ ಸಮಾಧಾನ ಅಲ್ಲ. ಆದರೆ ಕಾರಣ ಹೇಳೋದು ಬೇರೆ, ಕ್ಷಮಿಸೋದು ಬೇರೆ. ಕಳ್ಳತನದ ಸುದ್ದಿ ಓದಿ ಮುಗಿಸಿ "ಈಗೊಂದು ಚಿಕ್ಕ ವಿರಾಮ" ಅಂತ ದಿನಾ ಹೇಳೋನು ನಾನೇ. ಆ ವಿರಾಮದಲ್ಲಿ ಬರೋದು ಅದೇ ಶೂ, ಅದೇ ಮೊಬೈಲ್. ಗುರಿ ತೋರಿಸುವ ಕೆಲಸದಲ್ಲಿ ನನ್ನ ಪಾಲೂ ಇದೆ ವೀಕ್ಷಕರೇ. ಏಣಿ ಇಡೋರು ಯಾರು?