ಶೇಕಡಾವಾರಿನ ಎರಡು ಏರಿಕೆಗಳು

ನಮ್ಮ ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಸಾಲದ ಮಾತು ಬಂದರೆ ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುವುದು ರೂಢಿ. ನೂರು ರೂಪಾಯಿಗೆ ತಿಂಗಳಿಗೆ ಎರಡು ಅಥವಾ ಮೂರು ಎಂದು ಅದರ ಅರ್ಥ. ಎರಡನ್ನು ಮೂರು ಮಾಡಿದ ಸಾಹುಕಾರನು ‘ಒಂದೇ ರೂಪಾಯಿ ಏರಿಸಿದೆ’ ಎನ್ನುತ್ತಾನೆ. ಸಾಲಗಾರನು ‘ಬಡ್ಡಿ ಒಂದೂವರೆ ಪಟ್ಟಾಯಿತು’ ಎನ್ನುತ್ತಾನೆ. ಇಬ್ಬರ ಮಾತೂ ನಿಜವೇ. ಒಬ್ಬನು ಎರಡು ದರಗಳ ನಡುವಿನ ಅಂತರವನ್ನು ಹೇಳಿದ, ಇನ್ನೊಬ್ಬನು ಹಳೆಯ ದರಕ್ಕೆ ಹೋಲಿಸಿ ಹೇಳಿದ. ರೂಪಾಯಿಯ ಮಾತಿನಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಎರಡಕ್ಕೂ ‘ಶೇಕಡಾ’ ಎಂಬ ಒಂದೇ ಅಂಗಿಯನ್ನು ತೊಡಿಸಿದಾಗ ತೊಡಕು ಹುಟ್ಟುತ್ತದೆ.

2023ರಲ್ಲಿ ವಾಡಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದ. ಮನೆ ಕಟ್ಟಲು ಹತ್ತು ಲಕ್ಷ ರೂಪಾಯಿಗಳನ್ನು ಇಪ್ಪತ್ತು ವರ್ಷದ ಕಂತಿನ ಮೇಲೆ, ಶೇಕಡಾ 7ರ ಬಡ್ಡಿಗೆ ಸಾಲ ತಂದಿದ್ದ. “ಸರ್, ಬಡ್ಡಿ ಬರೇ ಎರಡೂವರೆ ಪರ್ಸೆಂಟ್ ಏರ್ಯಾದಂತ್ರಿ. ಏಳರಾಗ ಎರಡೂವರೆ ಪರ್ಸೆಂಟ್ ಅಂದ್ರ ಎಷ್ಟಾಗ್ತದ್ರಿ?” ಎಂದು ಕೇಳಿದ. ಅವನೇ ಗುಣಿಸಿಯೂ ಇದ್ದ: ಏಳು ಹೋಗಿ 7.175. ಹತ್ತು ಲಕ್ಷಕ್ಕೆ ವರ್ಷಕ್ಕೆ 1,750 ರೂಪಾಯಿ ಹೆಚ್ಚು, ಚಿಂತೆಯಿಲ್ಲ ಎಂದುಕೊಂಡಿದ್ದ.

ನಡೆದದ್ದು ಬೇರೆ. ರಿಸರ್ವ್ ಬ್ಯಾಂಕಿನ ರೆಪೋ ದರ 2022ರ ಮೇ ಮೊದಲಲ್ಲಿ ಶೇಕಡಾ 4 ಇದ್ದದ್ದು 2023ರ ಫೆಬ್ರವರಿಗೆ 6.5 ಆಗಿತ್ತು. ಅಂತರ ಎರಡೂವರೆ. ರೆಪೋವಿಗೆ ಜೋಡಿಸಿದ ಸಾಲಗಳಲ್ಲಿ ಬ್ಯಾಂಕು ಆ ದರದ ಮೇಲೆ ತನ್ನ ಪಾಲನ್ನು ಕೂಡಿಸುತ್ತದೆ. ಪಾಲು ಮೂರೇ ಆಗಿ ಉಳಿದರೆ ನಾಲ್ಕು ಕೂಡಿಸು ಮೂರು ಏಳಾಗಿದ್ದದ್ದು, ಆರೂವರೆ ಕೂಡಿಸು ಮೂರು, ಒಂಬತ್ತೂವರೆ ಆಗುತ್ತದೆ. ಇಲ್ಲಿ ಕೂಡಿಸುವ ಲೆಕ್ಕವೇ ಹೊರತು ಗುಣಿಸುವ ಲೆಕ್ಕವಿಲ್ಲ. ವರ್ಷದ ಬಡ್ಡಿ 70,000ದಿಂದ 95,000 ರೂಪಾಯಿಗೆ ಏರಿತು. ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಅವನ ತಿಂಗಳ ಕಂತು ಸುಮಾರು 7,753 ರೂಪಾಯಿ. ಹತ್ತು ಲಕ್ಷವೇ ಬಾಕಿ ಎಂದು ಹಿಡಿದರೆ ಹೊಸ ದರದಲ್ಲಿ ಒಂದು ತಿಂಗಳ ಬಡ್ಡಿಯೇ 7,917. ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ ಕರಗುವುದಿರಲಿ, ಬೆಳೆಯುತ್ತದೆ.

ಈ ಒಂದೇ ಏರಿಕೆಯನ್ನು ಶೇಕಡಾವಾರು ಬದಲಾವಣೆಯಾಗಿ ಹೇಳಿದರೆ ರೆಪೋ ದರ ಶೇಕಡಾ 62.5ರಷ್ಟು ಏರಿತು, ಅವನ ಸಾಲದ ದರ ಸುಮಾರು 35.7ರಷ್ಟು. ಅಂತರ ಮಾತ್ರ ಎರಡೂ ಕಡೆ ಎರಡೂವರೆಯೇ. ಈ ಅನುಕೂಲಕ್ಕಾಗಿಯೇ ಬ್ಯಾಂಕಿನವರು ‘ಬೇಸಿಸ್ ಪಾಯಿಂಟ್’ ಎಂಬ ಮಾತನ್ನು ಬಳಸುತ್ತಾರೆ. ಅಂತಹ ನೂರು ಸೇರಿದರೆ ಒಂದು ಅಂತರ. ನಮ್ಮ ಪತ್ರಿಕೆಗಳು ಅದನ್ನು ‘ಶೇ. 0.25ರಷ್ಟು ಏರಿಕೆ’ ಎಂದು ಬರೆದುಬಿಡುತ್ತವೆ. ಪಂಡಿತನಾದ ನನಗೆ ಇದು ಪ್ರತ್ಯಯದ ಅಪಚಾರವಾಗಿ ಕಾಣುತ್ತದೆ. ‘ಆರೂವರೆಗೆ ಏರಿತು’ ಎಂಬುದು ತಲುಪಿದ ಸ್ಥಾನ, ‘ಆರೂವರೆಯಷ್ಟು ಏರಿತು’ ಎಂಬುದು ನಡೆದ ದೂರ. ಆದರೆ ಆ ‘ಅಷ್ಟು’ ಎಂಬುದು ಅಂತರವೋ ಅನುಪಾತವೋ ಎಂದು ಯಾವ ವಿಭಕ್ತಿಯೂ ಹೇಳಿಕೊಡದು. ಅಂತರವನ್ನು ‘ಶೇಕಡಾ ಅಂಶ’ ಎಂದು ಬೇರೆಯಾಗಿ ಕರೆಯುವುದೇ ಲೇಸು. ಕಿವಿಗೆ ಬಿದ್ದ ಮಾತನ್ನು ಪರೀಕ್ಷಿಸಬೇಕಾದರೆ ಹಳೆಯ ದರವೆಷ್ಟು, ಹೊಸದೆಷ್ಟು ಎಂದು ಎರಡನ್ನೂ ಕೇಳಬೇಕು. ಕಳೆದರೆ ಅಂಶ, ಕಳೆದದ್ದನ್ನು ಹಳೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬದಲಾವಣೆ. ಬರಿಯ ಏರಿಕೆಯನ್ನು ಹೇಳಿ ದರಗಳನ್ನು ಮುಚ್ಚಿಟ್ಟವರ ಮಾತನ್ನು ಪರೀಕ್ಷಿಸುವುದೇ ಸಾಧ್ಯವಿಲ್ಲ.

ಮತದಾನದ ಲೆಕ್ಕದಲ್ಲಿ ಇನ್ನೊಂದು ಚಮತ್ಕಾರವಿದೆ. ಚಿತ್ತಾಪುರದ ಕಡೆಯ ಒಂದು ಊರಿನಲ್ಲಿ ನೂರಕ್ಕೆ 50 ಜನ ಮತ ಹಾಕುತ್ತಿದ್ದು ಈಗ 60 ಆದರು. ಶಹಾಬಾದದ ಕಡೆಯ ಇನ್ನೊಂದು ಊರಿನಲ್ಲಿ 80 ಇದ್ದದ್ದು 90 ಆಯಿತೆಂದು ಊಹಿಸಿರಿ. ಎರಡೂ ಹತ್ತು ಅಂಶ. ಬದಲಾವಣೆ ಮೊದಲನೆಯದರಲ್ಲಿ ಶೇಕಡಾ 20, ಎರಡನೆಯದರಲ್ಲಿ 12.5, ಮೊದಲನೆಯ ಊರೇ ಗೆದ್ದಿತು. ಈಗ ಮತ ಹಾಕದವರನ್ನು ಎಣಿಸಿರಿ. ಮೊದಲಲ್ಲಿ 50 ಇದ್ದವರು 40 ಆದರು, ಶೇಕಡಾ 20ರ ಇಳಿಕೆ. ಎರಡನೆಯದರಲ್ಲಿ 20 ಇದ್ದವರು 10, ಅಂದರೆ ಅರ್ಧಕ್ಕರ್ಧ! ಎರಡನೆಯ ಊರು ಗೆದ್ದಿತು. ಯಾವ ಕಡೆಯಿಂದ ಎಣಿಸಿದರೂ ಕದಲದೆ ನಿಂತದ್ದು ಹತ್ತು ಅಂಶವೊಂದೇ.

ಕರ್ನಾಟಕದಲ್ಲಿ ಲೋಕಸಭಾ ಮತದಾನ 2014ರಲ್ಲಿ ಶೇಕಡಾ 67.20, 2019ರಲ್ಲಿ 68.81. ‘ಶೇಕಡಾ 1.61ರಷ್ಟು ಏರಿಕೆ’ ಎಂದು ಯಾರಾದರೂ ಹೇಳಿದರೆ ಅದು ಅಂಶದ ಲೆಕ್ಕ. ಬದಲಾವಣೆಯೆಂದರೆ ಸುಮಾರು 2.4. ಇವೆರಡರಿಂದಲೂ ಎಷ್ಟು ಜನ ಹೆಚ್ಚಾಗಿ ಬಂದರೆಂಬುದು ತಿಳಿಯದು, ಏಕೆಂದರೆ ಐದು ವರ್ಷಗಳಲ್ಲಿ ಮತದಾರರ ಪಟ್ಟಿಯೂ ಬೆಳೆದಿರುತ್ತದೆ. ಅದಕ್ಕೆ ತಲೆಗಳನ್ನೇ ಎಣಿಸಬೇಕು.