ಹುಂಡಾದ ದೂರು: ಎಲ್ಲಿ, ಯಾವಾಗ, ಯಾರು?

ವರದಕ್ಷಿಣೆಗೆ ವಿಜಯಪುರ ಸೀಮೆಯ ಮಾತು ಹುಂಡಾ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆಯ ಬೀಗತನ ಜಿಲ್ಲೆಯ ಎಲ್ಲೆಗೆ ನಿಲ್ಲುವುದಿಲ್ಲ. ಜತ್ತ, ಸಾಂಗಲಿ, ಸೊಲ್ಲಾಪುರದವರೆಗೆ ಹೆಣ್ಣು ಕೊಡುತ್ತಾರೆ, ತರುತ್ತಾರೆ. ಇಲ್ಲಿ ಕುಳಿತವರಲ್ಲಿಯೂ ಮಗಳನ್ನು ಕೊಟ್ಟವರಿದ್ದಾರೆ, ಸೊಸೆಯನ್ನು ತಂದವರಿದ್ದಾರೆ. ಬಹಳ ಮಂದಿ ಎರಡೂ ಹೌದು. ಆದ್ದರಿಂದ ಹುಂಡಾದ ಕಾನೂನನ್ನು ಒಂದೇ ಕಡೆಯಿಂದ ನೋಡಿದರೆ ಸಾಲದು.

ಈ ಕಾನೂನು ಸುಮ್ಮನೆ ಬಂದದ್ದಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದ್ದರೂ ಸೊಸೆಯಂದಿರ ಸಾವು ನಿಲ್ಲಲಿಲ್ಲ. ಅಡುಗೆಮನೆಯ ಬೆಂಕಿ, ಬಾವಿ, ವಿಷ ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ವಿರುದ್ಧ ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ, 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಕಲಮು ಸೇರಿತು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಜಾಮೀನು ಹಕ್ಕಿನಿಂದ ಸಿಗುವುದಿಲ್ಲ, ನ್ಯಾಯಾಲಯ ಕೊಡಬೇಕು.

ಮನೆಯ ಪ್ರತಿಯೊಂದು ಜಗಳವೂ ಈ ಕಲಮಿಗೆ ಬರುವುದಿಲ್ಲ. ಕಾನೂನು ಹೇಳುವ ಕ್ರೌರ್ಯ ಎರಡು ಬಗೆಯದು. ಹೆಣ್ಣು ಆತ್ಮಹತ್ಯೆಗೆ ಇಳಿಯುವಷ್ಟು, ಇಲ್ಲವೇ ಆಕೆಯ ದೇಹಕ್ಕೆ, ಮನಸ್ಸಿಗೆ ಗಂಭೀರ ಹಾನಿಯಾಗುವಷ್ಟು ಕೆಟ್ಟ ನಡತೆ ಮೊದಲನೆಯದು. ಹಣ, ಬಂಗಾರ, ಆಸ್ತಿ ತರಬೇಕೆಂದು ಪೀಡಿಸುವುದು, ತರಲಿಲ್ಲವೆಂದು ಪೀಡಿಸುವುದು ಎರಡನೆಯದು. ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಗೊಣಗಿದ್ದು, ನಾದಿನಿ ಮುಖ ತಿರುಗಿಸಿದ್ದು ನೋವಿನ ಸಂಗತಿಗಳೇ ಇರಬಹುದು. ಅಷ್ಟರಿಂದಲೇ ಈ ಅಪರಾಧವಾಗದು.

ಕಷ್ಟ ಎಲ್ಲಿ ಬಂತು? ದೂರಿನಲ್ಲಿ ಗಂಡನ ಜತೆಗೆ ಅತ್ತೆ, ಮಾವ, ಮೈದುನ, ಬೇರೆ ಊರಿಗೆ ಕೊಟ್ಟ ನಾದಿನಿಯ ಹೆಸರುಗಳೂ ಒಂದೇ ಸಾಲಿನಲ್ಲಿ ಬರತೊಡಗಿದವು. ಹೆಸರು ಬಂದವರನ್ನೆಲ್ಲ ಮೊದಲು ಹಿಡಿದು ಆಮೇಲೆ ವಿಚಾರಿಸುವುದು ರೂಢಿಯಾಯಿತು. ಇದಕ್ಕೆ ಕಡಿವಾಣ ಹಾಕಿದ್ದು 2014ರ ಜುಲೈ 2ರ ಸುಪ್ರೀಂ ಕೋರ್ಟ್ ತೀರ್ಪು. ವಕೀಲರ ಬಾಯಲ್ಲಿ ಅದು ಅರ್ನೇಶ್ ಕುಮಾರ್ ತೀರ್ಪು. 2012ರ ಒಂದೇ ವರ್ಷ ಈ ಕಲಮಿನಡಿ 1,97,762 ಜನರ ಬಂಧನವಾಗಿತ್ತು, ಅವರಲ್ಲಿ ಸುಮಾರು ಕಾಲು ಭಾಗ ಹೆಂಗಸರು ಎಂಬ ಅಂಕಿಯನ್ನು ನ್ಯಾಯಮೂರ್ತಿಗಳು ಅದರಲ್ಲಿ ಎತ್ತಿ ಹೇಳಿದರು. ಶಿಕ್ಷೆಯಾಗುತ್ತಿದ್ದುದು ನೂರಕ್ಕೆ ಹದಿನೈದರಷ್ಟು ಪ್ರಕರಣಗಳಲ್ಲಿ. ಉಳಿದ ದೂರುಗಳೆಲ್ಲ ಸುಳ್ಳು ಎಂದು ಇದರ ಅರ್ಥವಲ್ಲ. ಎಷ್ಟೋ ಪ್ರಕರಣಗಳು ರಾಜಿಯಲ್ಲಿ ಮುಗಿಯುತ್ತವೆ, ಎಷ್ಟೋ ಸಾಕ್ಷಿಗಳು ತಿರುಗಿ ಬೀಳುತ್ತಾರೆ. ಆದರೆ ಬಂಧನವನ್ನೇ ಶಿಕ್ಷೆಯಾಗಿ ಬಳಸಬಾರದು ಎಂಬುದು ತೀರ್ಪಿನ ತಿರುಳು.

ಆ ತೀರ್ಪಿನ ಪ್ರಕಾರ ಬಂಧನ ಏಕೆ ಅಗತ್ಯ ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ, ಪ್ರಕರಣ ದಾಖಲಾದ ಎರಡು ವಾರದೊಳಗೆ ವಿಚಾರಣೆಗೆ ಬರುವಂತೆ ನೋಟಿಸು ಕೊಡಬೇಕು. ಮ್ಯಾಜಿಸ್ಟ್ರೇಟರೂ ಆ ಕಾರಣಗಳನ್ನು ಓದದೆ ಕಸ್ಟಡಿಗೆ ಕಳಿಸುವಂತಿಲ್ಲ. ಈ ನೋಟಿಸು ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಸರಿಯಾದ ಜಾರಿಯಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ನೋಟಿಸು ಬಂದ ಕುಟುಂಬ ಊರು ಬಿಟ್ಟು ಓಡಬಾರದು. ಹೇಳಿದ ದಿನ ಹೋಗಿ ಹಾಜರಾದವರಿಗೇ ಈ ಕಲಮಿನ ರಕ್ಷಣೆ. ತಪ್ಪಿಸಿಕೊಂಡವರು ಬಂಧನಕ್ಕೆ ತಾವೇ ಕಾರಣ ಒದಗಿಸಿದಂತೆ. ಹೋಗುವಾಗ ವಕೀಲರ ಸಲಹೆ ಪಡೆದಿರಬೇಕು. ಕೊಟ್ಟ ಕಾಗದಗಳ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಂಡು ಬರಬೇಕು.

ಇನ್ನೂ ಒಂದು ರಕ್ಷಣೆಯ ಕಥೆ ಏರಿಳಿತದ್ದು. ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿ ನೋಡಲಿ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಭಾಗವನ್ನು ತೆಗೆದುಹಾಕಿತು. ಅಲಹಾಬಾದ್ ಹೈಕೋರ್ಟ್ 2022ರಲ್ಲಿ ಎರಡು ತಿಂಗಳ ಸೈರಣೆಯ ಅವಧಿ ಮತ್ತು ಸಮಿತಿಯ ಮಾತನ್ನು ಮತ್ತೆ ತಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹೀಗೆ ಬಂದು ಹೋಗಿ ಬಂದದ್ದನ್ನು ನೆಚ್ಚಿ ಎರಡು ತಿಂಗಳು ಕೈಕಟ್ಟಿ ಕೂರುವುದು ಜಾಣತನವಲ್ಲ. ಬಂಧನದ ಭಯ ನಿಜವಾಗಿದ್ದರೆ ವಿಜಯಪುರದ ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುವುದೇ ದಾರಿ.

ಗಡಿಯ ಜನರಿಗೆ ಇಲ್ಲೊಂದು ತೊಡಕಿದೆ. ಗಂಡನ ಮನೆ ಬಿಟ್ಟ ಹೆಣ್ಣು ತವರಿನ ಊರಲ್ಲೇ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದು ನ್ಯಾಯವೇ, ಹೊರಹಾಕಿದ ಊರಿಗೇ ಮತ್ತೆ ಅಲೆಯಬೇಕೆಂದರೆ ಆಕೆ ಎಲ್ಲಿಗೆ ಹೋಗಬೇಕು? ಆದರೆ ತವರು ಸೊಲ್ಲಾಪುರವಾದರೆ, ಇಟ್ಟಂಗಿಹಾಳದ ಕುಟುಂಬಕ್ಕೆ ಮಹಾರಾಷ್ಟ್ರದ ಪೊಲೀಸರು ಬರುತ್ತಾರೆ. ಜಾಮೀನು ಯಾರು ಕೊಡಬೇಕು?

ಉತ್ತರ ಬಂದದ್ದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ. ಹೆಂಡತಿ ರಾಜಸ್ಥಾನದ ಚಿಡಾವಾದಲ್ಲಿ ದೂರು ಕೊಟ್ಟಿದ್ದರು. ಗಂಡನ ಕಡೆಯವರಿಗೆ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯದಿಂದ ನಿರೀಕ್ಷಣಾ ಜಾಮೀನು ಸಿಕ್ಕಿತು. ಹೆಂಡತಿ ಸುಪ್ರೀಂ ಕೋರ್ಟಿಗೆ ಹೋದರು. 2023ರ ನವೆಂಬರ್ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ಬೆಂಗಳೂರಿನ ಆದೇಶವನ್ನು ರದ್ದು ಮಾಡಿತು. ಆದರೆ ಆರೋಪಿಗಳನ್ನು ನಡುಬೀದಿಯಲ್ಲಿ ಬಿಡಲಿಲ್ಲ; ಚಿಡಾವಾದ ನ್ಯಾಯಾಲಯಕ್ಕೆ ಹೋಗಲು ನಾಲ್ಕು ವಾರದ ರಕ್ಷಣೆ ಕೊಟ್ಟಿತು.

ಆ ತೀರ್ಪಿನಿಂದ ನಿಯಮ ಸ್ಪಷ್ಟವಾಯಿತು. ಬೇರೆ ರಾಜ್ಯದ ಎಫ್‌ಐಆರ್‌ಗೆ ಇಲ್ಲಿನ ನ್ಯಾಯಾಲಯ ಪೂರ್ತಿ ಜಾಮೀನು ಕೊಡುವಂತಿಲ್ಲ, ದಾರಿಯ ಮಟ್ಟಿನ ತಾತ್ಕಾಲಿಕ ರಕ್ಷಣೆ ಕೊಡಬಹುದು. ಅದಕ್ಕೂ ಮೊದಲು ಆ ರಾಜ್ಯದ ತನಿಖಾಧಿಕಾರಿಗೆ, ಸರ್ಕಾರಿ ವಕೀಲರಿಗೆ ನೋಟಿಸು ಹೋಗಬೇಕು. ಬಂಧನದ ಭಯ ಏಕೆ, ತಕ್ಷಣ ಅಲ್ಲಿಗೇ ಹೋಗಲು ಏಕೆ ಆಗದು ಎಂಬುದನ್ನು ಅರ್ಜಿದಾರ ತೋರಿಸಬೇಕು. ಈ ಅವಧಿ ಸೊಲ್ಲಾಪುರದ ನ್ಯಾಯಾಲಯದ ಬಾಗಿಲು ತಲುಪುವುದಕ್ಕೆ ಮಾತ್ರ. ವಿಶ್ರಾಂತಿಗೆ ಸಿಕ್ಕ ರಜೆಯಲ್ಲ.

ಜಾಮೀನು ಸಿಕ್ಕರೆ ಪ್ರಕರಣ ಮುಗಿಯಲಿಲ್ಲ. ಪ್ರಕರಣವನ್ನೇ ರದ್ದುಪಡಿಸುವ ಅಧಿಕಾರ ಹೈಕೋರ್ಟಿನದು. ವಿಜಯಪುರ ಜಿಲ್ಲೆಯ ದೂರಾದರೆ ಅರ್ಜಿ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಅಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲದು ಎಂಬುದಕ್ಕೆ 2024ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಒಳ್ಳೆಯ ಪಾಠ. ಆ ಪೀಠದ ನೇತೃತ್ವವೂ ನ್ಯಾಯಮೂರ್ತಿ ನಾಗರತ್ನ ಅವರದೇ.

ಮದುವೆ ಆದದ್ದು 2015ರಲ್ಲಿ, ಇಬ್ಬರು ಮಕ್ಕಳು. 2021ರ ಅಕ್ಟೋಬರಿನಲ್ಲಿ ಹೆಂಡತಿ ಮನೆ ಬಿಟ್ಟರು. ಗಂಡ ಕೂಡಲೇ ಕಾಣೆಯಾದ ದೂರು ಕೊಟ್ಟ. ನವೆಂಬರಿನಲ್ಲಿ ಆಕೆ ಪೊಲೀಸ್ ಅಧಿಕಾರಿಗೆ ಪತ್ರ ಬರೆದು, ಗಂಡನೊಡನೆ ಜಗಳವಾಗಿ ಹೋಗಿದ್ದಾಗಿ ತಿಳಿಸಿ, ದೂರು ಮುಗಿಸುವಂತೆ ಕೇಳಿದರು. ಡಿಸೆಂಬರಿನಲ್ಲಿ ಗಂಡ ವಿಚ್ಛೇದನದ ನೋಟಿಸು ಕಳಿಸಿದ. 2022ರ ಫೆಬ್ರುವರಿ 1ರಂದು ಹುಂಡಾದ ದೂರು ದಾಖಲಾಯಿತು. ಗಂಡ, ಅತ್ತೆ, ಮಾವ, ಮೂವರು ನಾದಿನಿಯರು ಆರೋಪಿಗಳು. ನಾದಿನಿಯರು ಬೇರೆ ಊರುಗಳಲ್ಲಿದ್ದವರು. ತೆಲಂಗಾಣ ಹೈಕೋರ್ಟ್ ಪ್ರಕರಣ ರದ್ದುಪಡಿಸಲು ಒಪ್ಪಲಿಲ್ಲ.

ಸುಪ್ರೀಂ ಕೋರ್ಟ್ ನೋಡಿದ್ದು ಸರಳವಾದ ಸಂಗತಿ. ದೂರಿನಲ್ಲಿ ಯಾರು, ಯಾವ ದಿನ, ಎಲ್ಲಿ, ಏನು ಮಾಡಿದರು ಎಂಬುದಿಲ್ಲ. ಎಲ್ಲರೂ ಪೀಡಿಸಿದರು ಎಂಬ ಒಂದು ಮಾತಿದೆ. ಆ ಮಾತಿನ ಹಿಂದೆ ತಾರೀಖುಳ್ಳ ಮೂರು ಕಾಗದಗಳಿವೆ: ಕಾಣೆಯಾದ ದೂರು, ಆಕೆಯದೇ ಪತ್ರ, ವಿಚ್ಛೇದನದ ನೋಟಿಸು. ಇದು ಪ್ರತೀಕಾರದ ದೂರು ಎಂದು ತೀರ್ಮಾನಿಸಿ ಆರೂ ಜನರ ಮೇಲಿನ ಪ್ರಕರಣವನ್ನು ರದ್ದು ಮಾಡಿದರು. ನಿಜವಾಗಿ ಹಿಂಸೆ ಉಂಡ ಹೆಣ್ಣು ಬಾಯಿ ಮುಚ್ಚಿ ಕೂರಬೇಕೆಂದು ಇದರ ಅರ್ಥವಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದರು.

ಗಮನಿಸಬೇಕಾದದ್ದು ಇದು. ಆ ಕುಟುಂಬವನ್ನು ಉಳಿಸಿದ ಕಾಗದಗಳು ದೂರಿಗೆ ಮೊದಲೇ ಹುಟ್ಟಿದ್ದವು. ದೂರಿನ ನಂತರ ಊರ ಹಿರಿಯರಿಂದ ಬರೆಸಿದ ಸಚ್ಚಾರಿತ್ರ್ಯ ಪತ್ರಕ್ಕೆ ಆ ತೂಕವಿಲ್ಲ. ಆದ್ದರಿಂದ ದೂರಿಗೆ ಗುರಿಯಾದ ಮನೆಯವರು ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನಂತೆ ಘಟನೆಗಳನ್ನು ಬರೆದಿಡಬೇಕು, ಪ್ರತಿಯೊಂದರ ಎದುರು ಅದಕ್ಕಿರುವ ಕಾಗದವನ್ನು ಗುರುತಿಸಬೇಕು. ನಾದಿನಿ ಪುಣೆಯಲ್ಲಿದ್ದರೆ ಅಲ್ಲಿನ ಬಾಡಿಗೆ ಕರಾರು, ಮಕ್ಕಳ ಶಾಲೆಯ ದಾಖಲೆ. ಮಗ ದುಡಿಮೆಗೆ ಹೋಗಿದ್ದರೆ ಹಾಜರಿ ಪುಸ್ತಕ. ಹಣ ಕೇಳಿದರೆಂಬ ತಿಂಗಳ ಬ್ಯಾಂಕ್ ಲೆಕ್ಕ. ಫೋನಿನ ಸಂದೇಶವಿದ್ದರೆ ಆ ಫೋನನ್ನೇ ಕಾಪಾಡಬೇಕು. ಬರಿಯ ಮುದ್ರಿತ ಪ್ರತಿ ಸಾಲದು, ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ತಮಗೆ ಅನುಕೂಲವಾದ ನಾಲ್ಕು ಸಾಲು ಉಳಿಸಿ ಉಳಿದದ್ದನ್ನು ಅಳಿಸಿದರೆ ಇಡೀ ಸಾಕ್ಷಿಯೇ ಕೆಡುತ್ತದೆ.

ಬಂಗಾರದ ವಿಷಯ ಇನ್ನೂ ಸೂಕ್ಷ್ಮ. ಸೊಸೆಯ ಒಡವೆ ಸೊಸೆಯದೇ. ತಡೆಹಿಡಿದರೆ ನಂಬಿಕೆ ದ್ರೋಹದ ಬೇರೆ ಆರೋಪ ಬರುತ್ತದೆ. ಅದನ್ನು ಪಟ್ಟಿ ಮಾಡಿ, ತೂಕ ಬರೆದು, ಠಾಣೆ ಅಥವಾ ನ್ಯಾಯಾಲಯದ ಮುಂದೆ ರಸೀದಿ ಪಡೆದು ಹಿಂದಿರುಗಿಸುವುದು ಕ್ಷೇಮ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಹಾಕಿಡಬೇಕೆಂದು 1985ರ ನಿಯಮಗಳೇ ಹೇಳುತ್ತವೆ, ಪಾಲಿಸಿದವರು ಕಡಿಮೆ. ಇನ್ನು, ಹುಂಡಾ ಕೊಟ್ಟವರೂ ಅಪರಾಧಿಗಳೇ ಎಂದು ಬೀಗರ ಮೇಲೆ ಎದುರು ದೂರು ಹಾಕುವ ಹುಮ್ಮಸ್ಸು ಬೇಡ. ನೊಂದವರ ಹೇಳಿಕೆಗೆ 1961ರ ಕಾಯ್ದೆಯಲ್ಲೇ ರಕ್ಷಣೆ ಇದೆ. ಜತೆಗೆ, ಕೊಟ್ಟರು ಎನ್ನುವುದು ತೆಗೆದುಕೊಂಡೆವು ಎಂದು ಒಪ್ಪಿದಂತೆಯೇ ಆಗುತ್ತದೆ.

ಹೈಕೋರ್ಟ್ ಸಾಕ್ಷ್ಯವನ್ನು ತೂಗಿ ನೋಡುವ ಜಾಗವಲ್ಲ. ದೂರಿನಲ್ಲಿ ದಿನ, ಸ್ಥಳ, ಗಾಯ, ಕೇಳಿದ ಮೊತ್ತ ಸ್ಪಷ್ಟವಾಗಿದ್ದರೆ ಅದು ಸುಳ್ಳೋ ನಿಜವೋ ವಿಚಾರಣೆಯಲ್ಲೇ ತೀರಬೇಕು. ಬಹಳ ಸಲ ದೂರದ ನಂಟರು ಬಿಡುಗಡೆಯಾಗುತ್ತಾರೆ, ಗಂಡನ ಮೇಲಿನ ಪ್ರಕರಣ ಮುಂದುವರಿಯುತ್ತದೆ. ಆರೋಪಪಟ್ಟಿಯ ಪ್ರತಿಗಳು ಕೈಗೆ ಬಂದ 60 ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆಯ ಅರ್ಜಿ ಹಾಕಬಹುದು. ಹೊಸ ಸಂಹಿತೆಯ ಈ ಗಡುವನ್ನು ಮರೆಯಬಾರದು. ರಾಜಿಯಾದರೂ ಠಾಣೆಯಲ್ಲಿ ಬರೆದುಕೊಟ್ಟ ಕಾಗದದಿಂದ ಪ್ರಕರಣ ಮುಗಿಯದು. ಕರ್ನಾಟಕದಲ್ಲಿ ಇದು ರಾಜಿಗೆ ಬರುವ ಅಪರಾಧವಲ್ಲದ ಕಾರಣ, ಇಬ್ಬರೂ ಸೇರಿ ಹೈಕೋರ್ಟಿನಿಂದಲೇ ರದ್ದು ಮಾಡಿಸಿಕೊಳ್ಳಬೇಕು.

ಹೆಣ್ಣಿನ ಕಡೆಯವರಿಗೂ ಈ ತೀರ್ಪುಗಳು ಹೇಳುವ ಮಾತು ಬೇರೆಯಲ್ಲ. ನಾಲ್ಕು ಗೋಡೆಯೊಳಗಿನ ಹಿಂಸೆಗೆ ಕಾಗದ ಸುಲಭವಾಗಿ ಸಿಗುವುದಿಲ್ಲ, ದೂರು ತಡವಾಯಿತೆಂಬುದೇ ಅದನ್ನು ಸುಳ್ಳು ಮಾಡುವುದಿಲ್ಲ. ಆದರೂ ಹೊಡೆದವನ ಹೆಸರಿನ ಜತೆಗೆ ಹೊಡೆಯದ ಐವರ ಹೆಸರು ಸೇರಿಸಿದಾಗ ದುರ್ಬಲವಾಗುವುದು ನೊಂದವಳ ದೂರೇ. ಒಬ್ಬನೇ ತಪ್ಪು ಮಾಡಿದ್ದರೆ ಒಬ್ಬನ ಹೆಸರು, ಆದ ದಿನ, ಕೇಳಿದ ಮೊತ್ತ, ವೈದ್ಯರ ಚೀಟಿ. ಅಷ್ಟು ಸಾಕು.