ಬ್ಯಾಂಕ್ ಅಧಿಕಾರಿಯ ಹೆಸರಿನಲ್ಲಿ ಬರುವ ಕರೆ

ಆಡೂರು ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ಬೆಳೆವಿಮೆಯ ಹಣಕ್ಕಾಗಿ ಕಾಯುತ್ತಿರುವ ರೈತರೊಬ್ಬರಿಗೆ ಹೀಗೊಂದು ಕರೆ ಬಂದಿತೆಂದು ಭಾವಿಸೋಣ: ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ. ನಿಮ್ಮ ಕೆವೈಸಿ ಅವಧಿ ಮುಗಿದಿದೆ. ಸಂಜೆಯೊಳಗೆ ಸರಿಪಡಿಸದಿದ್ದರೆ ವಿಮೆಯ ಹಣ ಮರಳಿ ಹೋಗುತ್ತದೆ. ಮೊಬೈಲಿಗೆ ಬಂದಿರುವ ಆರು ಅಂಕಿಗಳನ್ನು ಹೇಳಿರಿ.’

ಕರೆ ಮಾಡಿದವನಿಗೆ ರೈತರ ಹೆಸರು, ಊರು, ಶಾಖೆ ಎಲ್ಲವೂ ತಿಳಿದಿರಬಹುದು. ಅಷ್ಟರಿಂದಲೇ ಅವನು ಬ್ಯಾಂಕಿನವನಾಗುವುದಿಲ್ಲ. ಆ ಆರು ಅಂಕಿಗಳೇ ಒಟಿಪಿ. ಖಾತೆಯಿಂದ ಹಣ ಹೊರಹೋಗಲು ಖಾತೆದಾರರು ನೀಡುವ ಒಪ್ಪಿಗೆ. ವಿಮೆಯ ಹಣ ಜಮೆಯಾಗಲು ಅದರ ಅಗತ್ಯವೇ ಇಲ್ಲ. ಬ್ಯಾಂಕಿನ ಸಿಬ್ಬಂದಿ ಯಾರೂ ಫೋನಿನಲ್ಲಿ ಅದನ್ನು ಕೇಳುವುದಿಲ್ಲ. ಕೇಳಿದೊಡನೆ, ವಾದಕ್ಕಿಳಿಯದೆ ಕರೆಯನ್ನು ಕಡಿದು, ಶಾಖೆಗೆ ಹೋಗಿ ವಿಚಾರಿಸಬೇಕು; ಇಲ್ಲವೇ ಪಾಸ್‌ಬುಕ್ಕಿನಲ್ಲಿ ಮುದ್ರಿತವಾದ ಸಂಖ್ಯೆಗೆ ತಾವೇ ಕರೆ ಮಾಡಬೇಕು. ಅಂತರ್ಜಾಲದಲ್ಲಿ ಹುಡುಕಿದ ಸಂಖ್ಯೆ ಬೇಡ. ವಂಚಕರು ಅಲ್ಲಿಯೂ ತಮ್ಮ ಸಂಖ್ಯೆಗಳನ್ನು ಹಾಕಿರುತ್ತಾರೆ.

ಒಟಿಪಿ ಹೇಳಿಬಿಟ್ಟವರು ನಾಚಿಕೆಯಿಂದ ಒಂದೆರಡು ದಿನ ಸುಮ್ಮನಿರುವುದೇ ಹೆಚ್ಚು. ಅಷ್ಟರಲ್ಲಿ ಹಣವು ಹಲವು ಖಾತೆಗಳನ್ನು ದಾಟಿ ಹೋಗಿರುತ್ತದೆ. ಅಂಥವರು ತಮ್ಮ ಬಳಿ ಬಂದಾಗ ಬೈಯದೆ, ಅವರ ಫೋನಿನಿಂದಲೇ ಮೊದಲು 1930ಕ್ಕೆ ದೂರು ಕೊಡಿಸಿರಿ. ಒಡನೆಯೇ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆಯನ್ನೂ ವೇಳೆಯನ್ನೂ ಬರೆದಿಡಿರಿ.

ವೇಳೆ ಏಕೆಂದರೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಖಾತೆದಾರರೇ ಗುಟ್ಟನ್ನು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು; ತಿಳಿಸಿದ ನಂತರವೂ ಹಣ ಹೋದರೆ ಆ ನಷ್ಟ ಬ್ಯಾಂಕಿನದು. ಹಣ ಕಡಿತದ ಸಂದೇಶಗಳನ್ನು ಅಳಿಸದಂತೆಯೂ ಅವರಿಗೆ ತಿಳಿಸಿರಿ. ಪೊಲೀಸರು ಮೊದಲು ಕೇಳುವುದು ಅವನ್ನೇ.